ಫಲಕ ಆಗುಂಬೆಯದು, ಕುಸಿದ ಧರೆ ಎಲ್ಲಿಯದು?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ 38 ಸೆಕೆಂಡಿನ ವಿಡಿಯೋ ಒಂದು ಬಂತು. ಮೊದಲು ಹಸಿರು ಬಣ್ಣದ ದಾರಿ ಫಲಕ, ಅದರಲ್ಲಿ ‘ಆಗುಂಬೆ’. ಆಮೇಲೆ ಘಾಟಿ ರಸ್ತೆಯ ಅರ್ಧ ಭಾಗ ಕಣಿವೆಗೆ ಜಾರಿ ಬಿದ್ದಿರುವ ದೃಶ್ಯ. ಕೊನೆಗೆ ಮಂಜಿನಲ್ಲಿ ನಿಂತ ಒಂದು ಬಸ್ಸು. ಹಿಂದಿನಿಂದ ಒಂದು ದನಿ: ‘ಆಗುಂಬೆ ಘಾಟಿ ಪೂರ್ತಿ ಹೋಯ್ತು, ಯಾರೂ ಈ ಕಡೆ ಬರಬೇಡಿ.’

ಹತ್ತು ನಿಮಿಷದಲ್ಲಿ ತೀರ್ಥಹಳ್ಳಿಯಿಂದ ಮಾವ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಅತ್ತೆಯನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ‘ಘಾಟಿ ಬಂದ್ ಅಂತಲ್ಲ ಮಾರಾಯ, ನಾಳೆ ಹೋಗದಾ ಬ್ಯಾಡ್ವಾ? ಶೃಂಗೇರಿ ಮೇಲೆ ಕಾರ್ಕಳಕ್ಕೆ ಇಳಿದರೆ ಸುತ್ತು ಜಾಸ್ತಿ. ಅವಳಿಗೆ ಅಷ್ಟು ಹೊತ್ತು ಕೂರಕ್ಕೆ ಆಗಲ್ಲ.’

ವಿಡಿಯೋ ನೋಡಿದರೆ ಯಾರಾದರೂ ನಂಬುವ ಹಾಗೇ ಇತ್ತು. 2022ರ ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ನಿಜವಾಗಿಯೂ ಧರೆ ಕುಸಿದು ಸಂಚಾರ ನಿಂತಿತ್ತು. ಅದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಹಾಗಾಗಿ ಸುಳ್ಳು ಎಂದುಕೊಂಡು ನಾನು ಶುರು ಮಾಡಲಿಲ್ಲ. ಈ ಜಾಗ ಎಲ್ಲಿದೆ ಎಂದು ಮಾತ್ರ ಹುಡುಕಲು ಕೂತೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋದೊಳಗೆ ತೆಗೆದ ಜಾಗದ ವಿವರ ಹುಡುಕಿ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಕಳಿಸುವಾಗಲೇ ಅದು ಉದುರಿಹೋಗುತ್ತದೆ. ಉಳಿಯುವುದು ಕಣ್ಣಿಗೆ ಕಾಣುವುದಷ್ಟೇ. ಅದನ್ನು ಓಡುವ ವಿಡಿಯೋದಲ್ಲಿ ನೋಡಿದರೆ ಸಾಲದು, ಒಂದೊಂದೇ ಚಿತ್ರವಾಗಿ ಬಿಡಿಸಿಕೊಳ್ಳಬೇಕು. ffmpeg ಎಂಬ ತಂತ್ರಾಂಶದಲ್ಲಿ ನಾನು ಸೆಕೆಂಡಿಗೆ ಎರಡರಂತೆ ಬಿಡಿಸಿಕೊಂಡೆ:

```
ffmpeg -i ghati.mp4 -vf fps=2 chitra_%03d.png
```

ಎಪ್ಪತ್ತಾರು ಚಿತ್ರ ಸಿಕ್ಕವು. ಅವನ್ನು ಸಾಲಾಗಿ ಜೋಡಿಸಿ ನೋಡಿದಾಗ ಮೊದಲ ವಿಷಯ ಹೊಳೆಯಿತು. ಇದು ಒಂದೇ ಓಟದಲ್ಲಿ ತೆಗೆದ ವಿಡಿಯೋ ಅಲ್ಲ, ಮೂರು ತುಂಡುಗಳನ್ನು ಅಂಟಿಸಿದ್ದು. ಆರನೇ ಸೆಕೆಂಡಿನಲ್ಲಿ ಒಂದು ಕತ್ತರಿ, ಮೂವತ್ತೊಂದನೇ ಸೆಕೆಂಡಿನಲ್ಲಿ ಇನ್ನೊಂದು. ಫಲಕವಿರುವ ಮೊದಲ ತುಂಡಿನಲ್ಲಿ ರಸ್ತೆ ಒಣಗಿತ್ತು, ಫಲಕದ ಕಂಬದ ನೆರಳು ಕೂಡ ಕಾಣುತ್ತಿತ್ತು. ಎರಡನೆಯದರಲ್ಲಿ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿದೆ. ಆದರೆ ಮಳೆಯ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಒಣ ರಸ್ತೆಯ ಮೇಲೂ ಜಡಿಮಳೆಯ ಸದ್ದು! ಅಂದರೆ ಸದ್ದನ್ನೂ ಆ ಮಾತನ್ನೂ ಆಮೇಲೆ ಹಾಸಿದ್ದಾರೆ.

ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಫಲಕ ಸಾಕ್ಷಿ ಹೇಳುವುದು ತಾನಿರುವ ತುಂಡಿಗೆ ಮಾತ್ರ. ಮುಂದಿನ ತುಂಡಿನ ಕುಸಿತಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಮಗೆ ನಾವೇ ಸೇರಿಸಿಕೊಂಡಿದ್ದೆವು. ಇನ್ನೂ ಒಂದು ಮಾತಿದೆ. ಆ ಫಲಕದಲ್ಲಿ ಹೆಸರಿನ ಪಕ್ಕ ಬಾಣದ ಗುರುತಿತ್ತು. ಬಾಣವಿರುವ ಫಲಕ ‘ಇದು ಆಗುಂಬೆ’ ಎನ್ನುವುದಿಲ್ಲ, ‘ಆಗುಂಬೆಗೆ ಈ ಕಡೆ’ ಎನ್ನುತ್ತದೆ. ಅಂಥ ಫಲಕ ತೀರ್ಥಹಳ್ಳಿಯಲ್ಲೂ ಇರಬಹುದು, ಕೊಪ್ಪದಲ್ಲೂ ಇರಬಹುದು.

ಹಾಗಾಗಿ ಮೂರು ತುಂಡುಗಳನ್ನೂ ಬೇರೆ ಬೇರೆ ವಿಡಿಯೋ ಎಂದುಕೊಂಡು ನೋಡಬೇಕಾಯಿತು. ಮೊದಲನೆಯದನ್ನು ಬದಿಗಿಟ್ಟೆ. ಮಾವನಿಗೆ ಬೇಕಾದ ಉತ್ತರ ಇದ್ದದ್ದು ಎರಡನೆಯದರಲ್ಲಿ.

ಆ ಇಪ್ಪತ್ತೈದು ಸೆಕೆಂಡಿನಲ್ಲಿ ಜಾಸ್ತಿ ಹೊತ್ತು ಮಂಜೇ ತುಂಬಿತ್ತು. ರಸ್ತೆ ಏರಿಕೊಂಡು ಹೋಗುತ್ತದೆ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಕಣಿವೆ. ಕಣಿವೆಯ ಕಡೆಯ ತಡೆಗೋಡೆ ಒಂದಷ್ಟು ದೂರ ಇಲ್ಲವೇ ಇಲ್ಲ, ಅಲ್ಲೇ ಡಾಂಬರು ಮುರಿದು ಜೋತಾಡುತ್ತಿದೆ. ಮುರಿದ ಜಾಗಕ್ಕಿಂತ ಸ್ವಲ್ಪ ಈಚೆಗೆ ಮಣ್ಣಿನಲ್ಲಿ ಅರ್ಧ ಹೂತ ಒಂದು ಕಿಲೋಮೀಟರ್ ಕಲ್ಲು. ಹತ್ತೊಂಬತ್ತನೇ ಸೆಕೆಂಡಿನಿಂದ ಮೂರು ಸೆಕೆಂಡು ಮಂಜು ಸರಿದು, ಎದುರಿನ ಬೆಟ್ಟದ ಸಾಲು ಕಂಡು, ಮತ್ತೆ ಮುಚ್ಚಿಹೋಗುತ್ತದೆ.

ಕಲ್ಲಿನಿಂದ ಶುರು ಮಾಡಿದೆ. ಅದರ ತಲೆ ಹಳದಿ. ನಮ್ಮಲ್ಲಿ ಹಳದಿ ತಲೆಯ ಕಲ್ಲು ಎಂದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಎಂದರೆ ರಾಜ್ಯ ಹೆದ್ದಾರಿ. ಆಗುಂಬೆ ಘಾಟಿಯಲ್ಲಿ ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎ. ಆದ್ದರಿಂದ ಹಳದಿ ಆಗುಂಬೆಗೂ ಹೊಂದುತ್ತದೆ. ಆದರೆ ಚಾರ್ಮಾಡಿ, ಶಿರಾಡಿಯಲ್ಲಿ ಹೋಗುವುದೂ ರಾಷ್ಟ್ರೀಯ ಹೆದ್ದಾರಿಗಳೇ. ಹುಲಿಕಲ್ ಘಾಟಿ ರಾಜ್ಯ ಹೆದ್ದಾರಿಯಾದ್ದರಿಂದ ಪಟ್ಟಿಯಲ್ಲಿ ಕೆಳಗೆ ಹೋಯಿತು. ಪೂರ್ತಿ ಹೊಡೆದು ಹಾಕಲಿಲ್ಲ. ರಸ್ತೆಯ ದರ್ಜೆ ಬದಲಾದರೂ ಕಲ್ಲಿಗೆ ಹೊಸ ಬಣ್ಣ ಬಳಿಯುವುದು ವರ್ಷಗಟ್ಟಲೆ ತಡವಾಗುವುದುಂಟು.

ಕಲ್ಲಿನ ಮೇಲಿನ ಬರಹ ಓದಲು ಬರುತ್ತಿರಲಿಲ್ಲ. ಪಾಚಿ, ಕೆಸರು, ಮೇಲಿಂದ ಮೇಲೆ ಕಳಿಸಿ ಕಳಿಸಿ ಕೆಟ್ಟ ಚಿತ್ರ. ಗುಂಪಿನಲ್ಲಿ ಒಬ್ಬರು ‘ಹೆಬ್ರಿ ಅಂತ ಬರೆದಿದೆ, ಸರಿಯಾಗಿ ನೋಡಿ’ ಎಂದರು. ಆಗುಂಬೆ ಘಾಟಿ ಇಳಿದರೆ ಹೆಬ್ರಿಯೇ ಸಿಗುವುದು, ಅಲ್ವಾ? ಅದಕ್ಕೇ ಎಲ್ಲರಿಗೂ ಹೆಬ್ರಿ ಎಂದೇ ಕಂಡಿತು.

ಕನ್ನಡದಲ್ಲಿ ಒಂದು ಅನುಕೂಲವಿದೆ. ಅಕ್ಷರ ಮಸುಕಾದರೂ ಒತ್ತಕ್ಷರ ಎಲ್ಲಿದೆ ಎಂಬುದು ಕಾಣುತ್ತದೆ, ಯಾಕೆಂದರೆ ಅದು ಸಾಲಿನ ಕೆಳಗೆ ಇಳಿದಿರುತ್ತದೆ. ಊರಿನ ಹೆಸರನ್ನು ಓದುವ ಬದಲು ಅದರ ಆಕಾರ ನೋಡಬಹುದು. ಎಷ್ಟು ಅಕ್ಷರ, ಎಷ್ಟನೆಯದರ ಕೆಳಗೆ ಒತ್ತು, ಅರ್ಕಾವತ್ತು ಇದೆಯೋ ಇಲ್ಲವೋ. ‘ಹೆಬ್ರಿ’ ಎರಡೇ ಅಕ್ಷರ, ಎರಡನೆಯದರ ಕೆಳಗೆ ಒತ್ತು. ‘ಆಗುಂಬೆ’ಗೆ ಒತ್ತೇ ಇಲ್ಲ, ನಡುವೆ ಸೊನ್ನೆ ಇದೆ. ‘ತೀರ್ಥಹಳ್ಳಿ’ಗೆ ನಡುವೆ ಅರ್ಕಾವತ್ತು, ಕೊನೆಯ ಅಕ್ಷರಕ್ಕೆ ಒತ್ತು. ‘ಉಜಿರೆ’, ‘ಮೂಡಿಗೆರೆ’ಗೆ ಒತ್ತಿಲ್ಲ.

ಕಲ್ಲು ಕಾಣುವ ಒಂಬತ್ತು ಚಿತ್ರಗಳನ್ನು ದೊಡ್ಡದು ಮಾಡಿ ಒಂದರ ಪಕ್ಕ ಒಂದು ಇಟ್ಟುಕೊಂಡೆ. ಒಂದೇ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಹೊಸದೇನೂ ಬರುವುದಿಲ್ಲ. ಒಂಬತ್ತರಲ್ಲಿ ಒಂಬತ್ತೂ ಬೇರೆ ಬೇರೆ ರೀತಿ ಮಸುಕಾಗಿರುತ್ತವೆ. ಎಲ್ಲದರಲ್ಲೂ ಒಂದೇ ಕಡೆ ಕಾಣುವ ಗುರುತನ್ನು ಮಾತ್ರ ನಂಬಿದೆ. ಐದು ಅಕ್ಷರ ಇತ್ತು. ಎರಡನೆಯದರ ಕೆಳಗೆ ಒಂದು ಒತ್ತು. ಕೊನೆಯದು ದುಂಡಗೆ, ಕೆಳಗೆ ಏನೂ ಇಲ್ಲ. ಅದರ ಕೆಳಗಿನ ಸಾಲಿನಲ್ಲಿ ಒಂದೇ ಅಂಕಿ, 6ರ ಹಾಗೆ ಕಾಣುವಂಥದ್ದು.

ಹೆಬ್ರಿ ಅಲ್ಲ ಎಂಬುದು ಗಟ್ಟಿಯಾಯಿತು. ಘಟ್ಟದ ಊರುಗಳ ಹೆಸರನ್ನು ಒಂದೊಂದಾಗಿ ಬರೆದು ನೋಡಿದೆ. ‘ಕೊಟ್ಟಿಗೆಹಾರ’ ಕೂತಿತು: ಕೊ, ಟ್ಟಿ, ಗೆ, ಹಾ, ರ. ಐದು ಅಕ್ಷರ, ಎರಡನೆಯದಕ್ಕೆ ಒತ್ತು. ಕೊಟ್ಟಿಗೆಹಾರ ಎಂದರೆ ಚಾರ್ಮಾಡಿ ಘಾಟಿಯ ತಲೆಯ ಮೇಲಿನ ಊರು. ಕಿಲೋಮೀಟರ್ ಕಲ್ಲಿನಲ್ಲಿ ನಾವು ಹೋಗುತ್ತಿರುವ ದಿಕ್ಕಿನ ಊರೇ ನಮ್ಮ ಮುಖಕ್ಕೆ ಕಾಣುವುದು. ಹಾಗಾದರೆ ತೆಗೆದವರು ಕೊಟ್ಟಿಗೆಹಾರದ ಕಡೆ, ಅಂದರೆ ಏರುವ ಕಡೆ ಮುಖ ಮಾಡಿರಬೇಕು. ವಿಡಿಯೋದಲ್ಲಿ ರಸ್ತೆ ಏರುತ್ತಲೇ ಇತ್ತು. ಎರಡು ಗುರುತು ಒಂದಕ್ಕೊಂದು ಹೊಂದಿದವು. ಆದರೂ ಇದನ್ನು ಊಹೆ ಎಂದೇ ಬರೆದಿಟ್ಟುಕೊಂಡೆ. ಹೆಸರನ್ನು ನಾನು ಓದಿರಲಿಲ್ಲ, ಆಕಾರ ಹೊಂದಿಸಿದ್ದೆ ಅಷ್ಟೇ. ಹುಡುಕುತ್ತಿರುವವನಿಗೆ ಬೇಕಾದ್ದೇ ಕಾಣುವುದು ಎಷ್ಟು ಸುಲಭ ಎಂದು ಹೆಬ್ರಿ ವಿಷಯದಲ್ಲೇ ನೋಡಿದ್ದೆನಲ್ಲ.

ಇನ್ನು ಬೆಟ್ಟ. ಆಗುಂಬೆ ಘಾಟಿಯಲ್ಲಿ ಓಡಾಡಿದವರಿಗೆ ಗೊತ್ತು. ಹದಿನಾಲ್ಕು ತಿರುವುಗಳು ಒಂದರ ಮೇಲೊಂದು ಬರುತ್ತವೆ, ಸುತ್ತ ಸೋಮೇಶ್ವರ ಅಭಯಾರಣ್ಯದ ದಟ್ಟ ಕಾಡು. ಬಹಳ ಕಡೆ ಮರಗಳ ಕೊಂಬೆಯೇ ರಸ್ತೆಯ ಮೇಲೆ ಬಾಗಿರುತ್ತದೆ. ವಿಡಿಯೋದ ಆ ಮೂರು ಸೆಕೆಂಡಿನಲ್ಲಿ ಎದುರಿಗೆ ಕಂಡದ್ದು ಬೋಳು ಹುಲ್ಲಿನ ಬೆಟ್ಟ. ನೆತ್ತಿಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ಚಾರ್ಮಾಡಿಯ ಮೇಲ್ಭಾಗದ ಚಹರೆ ಇದೇ. ಆದರೆ ಕುದುರೆಮುಖದ ಸುತ್ತಲೂ ಇಂಥ ಬೆಟ್ಟಗಳಿವೆ. ಚಹರೆ ಹೊಂದಿದ ಮಾತ್ರಕ್ಕೆ ಜಾಗ ಸಿಕ್ಕಿತು ಎನ್ನುವ ಹಾಗಿಲ್ಲ, ನೆತ್ತಿಯ ಗೆರೆ ಹೊಂದಬೇಕು.

ಗೆರೆ ತೆಗೆದದ್ದು ಹೀಗೆ. ಮಂಜು ಸರಿದಾಗಿನ ಆರು ಚಿತ್ರಗಳನ್ನು ಪಕ್ಕಪಕ್ಕ ಅಂಟಿಸಿ ಒಂದು ಅಗಲವಾದ ಚಿತ್ರ ಮಾಡಿದೆ. ಅದರ ಮೇಲೆ ತೆಳುವಾದ ಬಿಳಿ ಕಾಗದ ಹಿಡಿದು, ಆಕಾಶ ಮತ್ತು ಬೆಟ್ಟ ಸೇರುವ ಗೆರೆಯನ್ನಷ್ಟೇ ಪೆನ್ಸಿಲಿನಲ್ಲಿ ಎಳೆದೆ. ಎಡಗಡೆ ಚಪ್ಪಟೆ ತಲೆ, ಅದರ ಪಕ್ಕ ಒಂದು ಕೊರಕಲು, ಬಲಕ್ಕೆ ಹೋರಿಯ ಹಿಣಿಲಿನ ಹಾಗೆ ಒಂದು ಏರು. ಈ ದೂರದ ಸಾಲಿನ ಮುಂದೆ, ಹತ್ತಿರದಲ್ಲಿ ಇನ್ನೊಂದು ಸಣ್ಣ ಗುಡ್ಡದ ಏಣು ಇಳಿದು ಬಂದು ಕೊರಕಲಿನ ಸರಿ ಕೆಳಗೆ ಮುಗಿಯುತ್ತಿತ್ತು.

ಅಳೆಯಬೇಕಾದದ್ದು ಎತ್ತರವನ್ನಲ್ಲ, ಪ್ರಮಾಣವನ್ನು. ಫೋನಿನಲ್ಲಿ ಎಷ್ಟು ಹತ್ತಿರಕ್ಕೆ ಎಳೆದು ತೆಗೆದಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಆದರೆ ಚಪ್ಪಟೆ ತಲೆಯಿಂದ ಕೊರಕಲಿಗೆ ಒಂದು ಗೇಣಾದರೆ ಕೊರಕಲಿನಿಂದ ಹಿಣಿಲಿಗೆ ಎರಡು ಗೇಣು ಎಂಬ ಲೆಕ್ಕ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ.

ಗೂಗಲ್ ಅರ್ಥ್ ಪ್ರೊ ತೆರೆದು ಮೊದಲು `Tools > Options > 3D View`ಗೆ ಹೋಗಿ `Elevation Exaggeration` 1 ಇದೆಯೇ ಎಂದು ನೋಡಿದೆ. ಅದು ಜಾಸ್ತಿ ಇದ್ದರೆ ಬೆಟ್ಟಗಳು ಇರುವುದಕ್ಕಿಂತ ಚೂಪಾಗಿ ಕಾಣುತ್ತವೆ, ಯಾವ ಗೆರೆಯೂ ಹೊಂದುವುದಿಲ್ಲ. ಆಮೇಲೆ ಕೊಟ್ಟಿಗೆಹಾರದಿಂದ ರಸ್ತೆಗುಂಟ ಅಳತೆಯ ಗೆರೆ ಎಳೆದು 5 ಕಿಲೋಮೀಟರಿನಿಂದ 7ರವರೆಗೆ ಗುರುತು ಮಾಡಿಕೊಂಡೆ. ಕಲ್ಲಿನಲ್ಲಿದ್ದದ್ದು 6 ಎಂಬುದೇ ಪೂರ್ತಿ ಖಚಿತವಿರಲಿಲ್ಲ, ಜೊತೆಗೆ ಊರಿನ ಯಾವ ಬಿಂದುವಿನಿಂದ ಎಣಿಸಿದ್ದಾರೋ. ಆ ಎರಡು ಕಿಲೋಮೀಟರಿನಲ್ಲಿ ಏರುವಾಗ ಕಣಿವೆ ವಿಡಿಯೋದಲ್ಲಿದ್ದ ಬದಿಗೇ ಬರುವ ತುಂಡುಗಳಲ್ಲಿ ಮಾತ್ರ ನೆಲದ ಮಟ್ಟಕ್ಕೆ ಇಳಿದು ನಿಂತು, ಎದುರು ತಿರುಗಿ ನೋಡುತ್ತ ಹೋದೆ.

ದೂರದ ಸಾಲು ಬೇಗ ಸಿಕ್ಕಿತು. ಚಪ್ಪಟೆ ತಲೆ, ಕೊರಕಲು, ಹಿಣಿಲು ಇದ್ದವು, ಪ್ರಮಾಣವೂ ಸರಿಯಾಗಿತ್ತು. ಘಾಟಿ ಚಾರ್ಮಾಡಿಯೇ. ಆದರೆ ಆ ಸಾಲು ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಎಲ್ಲಿ ನಿಂತರೂ ಅದೇ ರೀತಿ ಕಾಣುತ್ತಿತ್ತು. ಇಲ್ಲಿಯೇ ಹತ್ತಿರದ ಗುಡ್ಡ ಬೇಕಾಗುವುದು. ಲೆಕ್ಕ ಹಾಕಿ ನೋಡಿ. 5 ಕಿಲೋಮೀಟರ್ ದೂರದ ಬೆಟ್ಟ ನೋಡುತ್ತ ನೀವು 100 ಮೀಟರ್ ಪಕ್ಕಕ್ಕೆ ಸರಿದರೆ ಅದು ಬರೀ ಒಂದು ಡಿಗ್ರಿ ಸರಿಯುತ್ತದೆ. ಅರ್ಧ ಕಿಲೋಮೀಟರ್ ದೂರದ ಗುಡ್ಡವಾದರೆ ಹನ್ನೊಂದು ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಎಷ್ಟು ಅಗಲವೋ ಸುಮಾರು ಅಷ್ಟು. ದೂರದ ಸಾಲು ಯಾವ ಸೀಮೆ ಎಂದು ಹೇಳುತ್ತದೆ, ಹತ್ತಿರದ ಏಣು ಯಾವ ತಿರುವು ಎಂದು ಹೇಳುತ್ತದೆ. ಆ ಏಣು ಕೊರಕಲಿನ ಕೆಳಗೆ ಬಂದು ನಿಲ್ಲುವ ತನಕ ರಸ್ತೆಯ ಮೇಲೆ ಹಿಂದೆ ಮುಂದೆ ಸರಿದೆ. ಒಂದು ತಿರುವಿನ ಹತ್ತಿರ ಸರಿಹೋಯಿತು. ಬೈಕ್ ಸವಾರರೊಬ್ಬರು ಬೇಸಿಗೆಯಲ್ಲಿ ಹೆಲ್ಮೆಟ್ ಕ್ಯಾಮೆರಾದಲ್ಲಿ ತೆಗೆದು ಯೂಟ್ಯೂಬಿಗೆ ಹಾಕಿದ್ದ ಚಾರ್ಮಾಡಿ ವಿಡಿಯೋದಲ್ಲಿ ಅದೇ ಜಾಗದ ಸುತ್ತಮುತ್ತ ಅದೇ ಗೆರೆ, ಅದೇ ತರಹದ ತಡೆಗೋಡೆ ಕಾಣಿಸಿತು.

ಜಾಗ ಸಿಕ್ಕರೂ ಕಾಲ ಉಳಿಯಿತು. ಇವತ್ತು ಚಾರ್ಮಾಡಿಯಲ್ಲೇ ಕುಸಿದಿರಬಹುದಲ್ಲ? ಮಂಜಿನ ಚಿತ್ರ ಹಾಕಿ ಹುಡುಕಿದರೆ ಗೂಗಲ್ ಲೆನ್ಸ್ ಜಗತ್ತಿನ ಮಂಜನ್ನೆಲ್ಲ ತೋರಿಸುತ್ತದೆ. ಮುರಿದ ಡಾಂಬರು ಮತ್ತು ಕಲ್ಲು ಎರಡೂ ಬರುವ ಹಾಗೆ ಒಂದು ಚಿತ್ರವನ್ನು ಕತ್ತರಿಸಿ ಹುಡುಕಿದಾಗ ಇದೇ ತುಂಡಿನ ಹಳೆಯ ಪ್ರತಿ ಸಿಕ್ಕಿತು, 2019ರ ಆಗಸ್ಟಿನಲ್ಲಿ ಹಾಕಿದ್ದು. ಆ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಹಲವು ಕಡೆ ಧರೆ ಕುಸಿದು ಸಂಚಾರ ನಿಂತಿತ್ತು. ಹಳೆಯ ಪ್ರತಿ ಸಿಕ್ಕರೆ ವಿಡಿಯೋ ಅದಕ್ಕಿಂತ ಹೊಸದಲ್ಲ ಎಂಬುದು ಖಚಿತ. ಸಿಗದಿದ್ದರೆ ಹೊಸದು ಎಂದು ಹೇಳಲು ಮಾತ್ರ ಬರುವುದಿಲ್ಲ.

ಮೂರನೇ ತುಂಡಿನ ಬಸ್ಸು ಎಲ್ಲಿಯದೆಂದು ಕೊನೆಗೂ ಪತ್ತೆಯಾಗಲಿಲ್ಲ. ಬಸ್ಸನ್ನು ಹಿಂದಿನಿಂದ ತೆಗೆದಿದ್ದರು. ಹಿಂದಿನಿಂದ ನೋಡಿದರೆ ನಮ್ಮ ಬಸ್ಸಿನ ಬಾಗಿಲು ಎಡಕ್ಕೆ ಕಾಣಬೇಕು, ಇದರಲ್ಲಿ ಬಲಕ್ಕಿತ್ತು. ಅಂದರೆ ಕನ್ನಡಿಯಲ್ಲಿ ನೋಡಿದ ಹಾಗೆ ಚಿತ್ರವನ್ನು ತಿರುಗಿಸಿದ್ದಾರೆ. ಹೀಗೆ ತಿರುಗಿಸಿದ್ದರೆ ಬೆಟ್ಟದ ಗೆರೆಯೂ ತಿರುಗಿರುತ್ತದೆ, ಅದನ್ನು ಗಮನಿಸದೆ ಹುಡುಕಿದರೆ ರಾತ್ರಿಯಿಡೀ ಕೂತರೂ ಸಿಗುವುದಿಲ್ಲ. ನಾನು ಮರಳಿ ತಿರುಗಿಸಿ ನೋಡಿದೆ. ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ. ಬಸ್ಸಿನ ನಂಬರ್ ಸಿಕ್ಕಿದ್ದರೂ ಜಾಸ್ತಿ ಪ್ರಯೋಜನವಿರಲಿಲ್ಲ. ಕೆಎ 14 ಎಂದಿದ್ದರೆ ಶಿವಮೊಗ್ಗದಲ್ಲಿ ನೋಂದಣಿಯಾದದ್ದು ಎಂದಷ್ಟೇ ಅರ್ಥ, ಬಸ್ಸು ಎಲ್ಲಿ ಬೇಕಾದರೂ ನಿಂತಿರಬಹುದು.

ಹತ್ತೂಮುಕ್ಕಾಲಿಗೆ ಮಾವನಿಗೆ ಫೋನ್ ಮಾಡಿದೆ. ‘ಮಾವ, ವಿಡಿಯೋದಲ್ಲಿ ಕುಸಿದಿರೋದು ಆಗುಂಬೆ ಅಲ್ಲ. ಚಾರ್ಮಾಡಿಯದ್ದು, ಅದೂ 2019ರದ್ದು.’

‘ಹಂಗಾರೆ ನಾಳೆ ಹೊರಡದಾ?’

ಅದಕ್ಕೆ ನಾನು ಹೌದು ಎನ್ನಲಿಲ್ಲ. ಈ ವಿಡಿಯೋ ಆಗುಂಬೆಯದಲ್ಲ ಎಂದರೆ ಆಗುಂಬೆ ತೆರೆದಿದೆ ಎಂದಲ್ಲ. ಬೇರೆ ಕುಸಿತ ಆಗಿದ್ದಿರಬಹುದು. ಜಾಗ ಹುಡುಕುವ ಕೆಲಸಕ್ಕೆ ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಇಲ್ಲ. ಆಗುಂಬೆಯಲ್ಲಿರುವ ಪರಿಚಯದವರಿಗೆ ಫೋನ್ ಮಾಡಿದೆ. ಸಂಜೆಯ ಬಸ್ಸುಗಳು ಕೆಳಗಿನಿಂದ ಬಂದಿವೆ, ಮಳೆ ಜೋರಿದೆ, ಬೆಳಿಗ್ಗೆ ಹೊರಡುವ ಮೊದಲು ಇನ್ನೊಮ್ಮೆ ಕೇಳಿ ಎಂದರು. ಮಾವ ಬೆಳಿಗ್ಗೆ ಆರಕ್ಕೆ ಕೇಳಿಕೊಂಡೇ ಹೊರಟರು, ಆಗುಂಬೆ ಮೇಲೇ ಇಳಿದರು. ಗುಂಪಿಗೆ ನಾನು ಹಾಕಿದ್ದು ಎರಡೇ ಚಿತ್ರ. ವಿಡಿಯೋದ ಗೆರೆ ಒಂದು, ಗೂಗಲ್ ಅರ್ಥ್‌ನ ಗೆರೆ ಇನ್ನೊಂದು, ಚಪ್ಪಟೆ ತಲೆ, ಕೊರಕಲು, ಹಿಣಿಲಿಗೆ 1, 2, 3 ಎಂದು ಗುರುತು. ಹೆಬ್ರಿ ಎಂದಿದ್ದವರು ತಾವೇ ಎಣಿಸಿ ನೋಡಿ, ‘ಹೌದು, ಇದು ಅದೇ’ ಎಂದು ಬರೆದರು.

ಡಿಸೆಂಬರಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಬೇಕೆಂದೇ ಚಾರ್ಮಾಡಿ ಮೇಲೆ ಬಂದೆವು. ನಾನು ಗುರುತು ಮಾಡಿದ್ದ ಜಾಗದಲ್ಲಿ ಕಾರು ನಿಲ್ಲಿಸಿ, ಆ ಪೆನ್ಸಿಲ್ ಗೆರೆಯ ಕಾಗದ ಹಿಡಿದು ನಿಂತೆ. ದೂರದ ಸಾಲು ಹಾಗೇ ಇತ್ತು. ಹತ್ತಿರದ ಏಣು ಹೊಂದಲಿಲ್ಲ. ಕೊರಕಲಿನಿಂದ ಎರಡು ಬೆರಳು ಆಚೆಗಿತ್ತು. ರಸ್ತೆಯ ಅಂಚು ಹಿಡಿದು ನಡೆಯುತ್ತ ಹೋದೆ. ನೂರೈವತ್ತು ಹೆಜ್ಜೆ ಇಳಿದ ಮೇಲೆ ಏಣು ಸರಿಯಾಗಿ ಕೊರಕಲಿನ ಕೆಳಗೆ ಬಂತು. ಅಲ್ಲಿ ತಡೆಗೋಡೆಯ ಒಂದು ತುಂಡು ಮಾತ್ರ ಉಳಿದದ್ದಕ್ಕಿಂತ ಹೊಸದಾಗಿತ್ತು. ಕಿಲೋಮೀಟರ್ ಕಲ್ಲಿಗೆ ಹೊಸ ಬಣ್ಣ ಬಳಿದಿದ್ದರು, ‘ಕೊಟ್ಟಿಗೆಹಾರ’ ಎಂದು ಸಲೀಸಾಗಿ ಓದಬಹುದಿತ್ತು.

ತಪ್ಪಿದ್ದು ಯಾಕೆಂದು ಅಲ್ಲೇ ಗೊತ್ತಾಯಿತು. ಗೂಗಲ್ ಅರ್ಥ್‌ನ ನೆಲ ಒರಟು. ದೊಡ್ಡ ಬೆಟ್ಟದ ಗೆರೆ ಚೆನ್ನಾಗಿ ಬರುತ್ತದೆ, ಹತ್ತಿರದ ಸಣ್ಣ ಏಣಿನ ಚೂಪಾದ ತುದಿ ಸವೆದು ದುಂಡಗಾಗಿರುತ್ತದೆ. ಅದರ ಮೇಲೆ ಬೆಳೆದ ಮರಗಳೂ ಅದರಲ್ಲಿ ಸರಿಯಾಗಿ ಬಂದಿರುವುದಿಲ್ಲ. ವಿಡಿಯೋದಲ್ಲಿ ಏಣು ಮುಗಿದಂತೆ ಕಂಡದ್ದು ನಿಜವಾಗಿ ಆ ತುದಿಯ ಮರಗಳ ನೆತ್ತಿ. ನಾನು ನೆಲದ ಗೆರೆಗೆ ಮರದ ಗೆರೆಯನ್ನು ಹೊಂದಿಸಿದ್ದೆ. ಘಾಟಿ ಯಾವುದು ಎಂಬುದಕ್ಕೆ ಇದರಿಂದ ತೊಂದರೆ ಇರಲಿಲ್ಲ. ಆದರೆ ‘ಈ ತಿರುವೇ’ ಎಂದು ಆ ರಾತ್ರಿ ಹೇಳಿದ್ದರೆ ತಪ್ಪಾಗುತ್ತಿತ್ತು. ಗುಂಪಿಗೆ ತಿದ್ದುಪಡಿ ಹಾಕಿದೆ, ಹಳೆಯ ಚಿತ್ರದ ಕೆಳಗೇ.

ಅಲ್ಲಿ ನಿಂತು ಎದುರಿನ ಬೆಟ್ಟದ ಸಾಲನ್ನು ಎಡದಿಂದ ಬಲಕ್ಕೆ ಫೋಟೊ ತೆಗೆದು, ಫೈಲಿನ ಹೆಸರಲ್ಲೇ ಜಾಗ, ದಿಕ್ಕು, ತಾರೀಕು ಬರೆದಿಟ್ಟೆ. ಆಗುಂಬೆಯ ತಿರುವುಗಳಿಂದ ಕಾಣುವ ಗೆರೆಗಳನ್ನೂ ಹೀಗೇ ಕೂಡಿಸುತ್ತಿದ್ದೇನೆ. ಹದಿನಾಲ್ಕರಲ್ಲಿ ಒಂಬತ್ತು ಆಗಿವೆ. ಉಳಿದ ಐದಕ್ಕೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಮಂಜು ಸರಿಯಲಿಲ್ಲ.